‘ಕಿಟ್ಟೆಲ್ 1894, ಒರಿಜಿನಲ್’ ಅಂತ ಮಾರಾಟಕ್ಕೆ ಕಂಡರೆ ದುಡ್ಡು ಹಾಕುವ ಮೊದಲು ಇದನ್ನು ಓದಿ

ಜಾಹೀರಾತು ಹೀಗಿತ್ತು: “ರೆವರೆಂಡ್ ಎಫ್. ಕಿಟ್ಟೆಲ್, ಕನ್ನಡ-ಇಂಗ್ಲಿಷ್ ಡಿಕ್ಷನರಿ. ಮಂಗಳೂರು, 1894. ಮೊದಲ ಮುದ್ರಣ. ಒರಿಜಿನಲ್ ಲೆದರ್ ಬೈಂಡಿಂಗ್. ಹಳೆಯ ಲೈಬ್ರರಿ ಸೀಲ್ ಇದೆ. ಭಾಷೆ: ಕನ್ನಡ. ಒಳಗೆ ಮಿಷನ್ ಕಾಲದ ಒಂದು ಕಾರ್ಡ್ ಕೂಡ ಇದೆ.” ಬೆಲೆ 18,000 ರೂಪಾಯಿ. ಜೊತೆಗೆ ಮೂರು ಫೋಟೋ: ಹೊರಗಿನ ರಟ್ಟು, ಶೀರ್ಷಿಕೆ ಪುಟ, ನಡುವಿನ ಒಂದು ಪುಟ. ನಾನು ಕೊಂಡೆ.

ಪುಸ್ತಕದ ಹೆಸರು, ಕಿಟ್ಟೆಲ್ ಹೆಸರು ಬಿಟ್ಟರೆ ಮಿಕ್ಕಿದ್ದೆಲ್ಲ ಒಂದೋ ಸುಳ್ಳು, ಇಲ್ಲಾ ಅರ್ಧ ನಿಜ. ಮಾರಿದವನ ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೂ ಅವನು ನಾಳೆ ಬೇರೆ ಖಾತೆ ತೆರೆಯುತ್ತಾನೆ, ಅಷ್ಟೇ. ಅವನು ಮಾಡಿದ್ದು ಹೇಗೆ ಅಂತ ಗೊತ್ತಿದ್ದರೆ ಯಾರು ಮಾರಿದರೂ ಹಿಡಿಯಬಹುದು.

ಮೊದಲು ಒಂದು ವಿಷಯ ತಿಳಿದಿರಲಿ. ಈ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಬುಕ್ ಅಂಡ್ ಟ್ರ್ಯಾಕ್ಟ್ ಡಿಪಾಸಿಟರಿಯಿಂದ ಹೊರಬಂತು. ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಅದನ್ನೇ ಪುಟಪುಟವೂ ಫೋಟೋ ತೆಗೆದು ದೆಹಲಿಯ ಒಂದು ಪ್ರಕಾಶನ 1980ರ ದಶಕದಿಂದ ಆಫ್‌ಸೆಟ್‌ನಲ್ಲಿ ಮರುಮುದ್ರಣ ಮಾಡಿದೆ. ಅದು ತಪ್ಪಲ್ಲ, ಒಳ್ಳೆಯ ಕೆಲಸವೇ. ಆದರೆ ಫೋಟೋ ಪ್ರತಿ ಆದ್ದರಿಂದ ಅದರಲ್ಲೂ ಹಳೆಯ ಶೀರ್ಷಿಕೆ ಪುಟ ಹಾಗೇ ಇರುತ್ತದೆ. ಕೆಳಗೆ ‘ಮಂಗಳೂರು, 1894’ ಅಂತಲೇ ಇರುತ್ತದೆ. ಮರುಮುದ್ರಣ ಅಂತ ಹೇಳುವುದು ಪ್ರಕಾಶಕರ ವಿಳಾಸ, ವರ್ಷ, ಐಎಸ್‌ಬಿಎನ್ ಇರುವ ಒಂದೇ ಒಂದು ಹಾಳೆ. ಆ ಹಾಳೆ ಹೋದರೆ ಪುಸ್ತಕಕ್ಕೆ ದಿಢೀರನೆ ನೂರು ವರ್ಷ ವಯಸ್ಸಾಗುತ್ತದೆ!

ನನಗೆ ಬಂದ ಪ್ರತಿಯಲ್ಲಿ ಆಗಿದ್ದೂ ಅದೇ. ಶೀರ್ಷಿಕೆ ಪುಟವನ್ನು ಪೂರ್ತಿ ಬಿಡಿಸಿ ಬೆನ್ನಿನ ಕಡೆ ಬೆಳಕು ಬಿಟ್ಟು ನೋಡಿದೆ. ಹೊಲಿಗೆಯ ಪಕ್ಕದಲ್ಲಿ ಸುಮಾರು 3 ಮಿಲಿಮೀಟರ್ ಅಗಲದ ಕಾಗದದ ಪಟ್ಟಿ ನಿಂತಿತ್ತು. ಬ್ಲೇಡಿನಿಂದ ನೇರವಾಗಿ ಕತ್ತರಿಸಿದ ಹಾಳೆಯ ಬುಡ ಅದು. ತಾನಾಗಿ ಹರಿದ ಹಾಳೆಯ ಬುಡ ಅಷ್ಟು ನೆಟ್ಟಗಿರುವುದಿಲ್ಲ. ಜಾಹೀರಾತಿನ ಫೋಟೋದಲ್ಲಿ ಶೀರ್ಷಿಕೆ ಪುಟವನ್ನು ಹತ್ತಿರದಿಂದ, ಒಳ ಅಂಚು ಕಾಣದ ಹಾಗೆ ತೆಗೆದಿದ್ದ. ಸುಮ್ನೆ ಅಲ್ಲ.

ಇಂಥ ಪುಸ್ತಕದ ಬಗ್ಗೆ ಕೇಳಿದರೆ ಎಲ್ಲರೂ ಕೊಡುವ ಸಲಹೆ ಒಂದಿದೆ: archive.org ನಲ್ಲಿ ಸ್ಕ್ಯಾನ್ ಇದೆ, ಅದರ ಜೊತೆ ಹೋಲಿಸಿ ನೋಡಿ ಅಂತ. ಮರುಮುದ್ರಣದ ವಿಷಯದಲ್ಲಿ ಇದರಿಂದ ಏನೂ ಪ್ರಯೋಜನ ಇಲ್ಲ. ಅಕ್ಷರ, ಪುಟಸಂಖ್ಯೆ, ಹಳೆಯ ಅಚ್ಚಿನ ತಪ್ಪು ಎಲ್ಲವೂ ಹೊಂದಿಕೊಳ್ಳುತ್ತವೆ, ಯಾಕೆಂದರೆ ಎರಡೂ ಅದೇ ಪುಟದ ಚಿತ್ರಗಳೇ. ನೋಡಬೇಕಾದದ್ದು ಏನು ಅಚ್ಚಾಗಿದೆ ಅಂತ ಅಲ್ಲ, ಹೇಗೆ ಅಚ್ಚಾಗಿದೆ ಅಂತ.

1894ರ ಪುಸ್ತಕ ಅಚ್ಚುಮೊಳೆ ಜೋಡಿಸಿ ಅಚ್ಚು ಮಾಡಿದ್ದು. ಸೀಸದ ಮೊಳೆ ಕಾಗದವನ್ನು ಒತ್ತಿರುತ್ತದೆ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಹಿಂಬದಿಗೆ ಬೆರಳು ಆಡಿಸಿದರೆ ಆ ಒತ್ತು ಸಣ್ಣಗೆ ತಿಳಿಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರದ ಅಂಚಿಗೆ ಶಾಯಿ ತುಸು ಗಟ್ಟಿಯಾಗಿ ಸರಿದು ನಿಂತಿರುತ್ತದೆ. ಆಫ್‌ಸೆಟ್‌ನಲ್ಲಿ ಶಾಯಿ ಚಪ್ಪಟೆ, ಹಿಂಬದಿ ನುಣುಪು. ಇನ್ನೊಂದು ಸುಳಿವು ಒತ್ತಕ್ಷರಗಳಲ್ಲಿ ಸಿಗುತ್ತದೆ. ಫೋಟೋ ತೆಗೆಯುವಾಗ ತೆಳ್ಳಗಿನ ಗೆರೆಗಳು ಅಲ್ಲಲ್ಲಿ ಕಡಿದುಹೋಗುತ್ತವೆ, ಸಣ್ಣ ಸೊನ್ನೆಗಳ ಹೊಟ್ಟೆ ಕಪ್ಪಾಗಿ ತುಂಬಿಕೊಳ್ಳುತ್ತದೆ. ನನ್ನ ಪ್ರತಿಯಲ್ಲಿ ಕಿಟ್ಟೆಲ್ ಕೊಡುವ ತಮಿಳು, ತೆಲುಗು, ತುಳು, ಮಲಯಾಳಂ ಹೋಲಿಕೆಯ ರೂಪಗಳಿವೆಯಲ್ಲ, ಆ ಸಣ್ಣ ಅಕ್ಷರದ ಜಾಗಗಳಲ್ಲಿ ಇದು ಢಾಳಾಗಿ ಕಾಣುತ್ತಿತ್ತು.

ಕಾಗದಕ್ಕೂ ಬಣ್ಣ ಬಳಿದಿದ್ದ. ನೂರು ವರ್ಷದ ಕಾಗದ ಅಂಚಿನಿಂದ ಕಂದಾಗುತ್ತಾ ಬರುತ್ತದೆ, ಪುಟದ ನಡುಭಾಗ ತಿಳಿಯಾಗಿ ಉಳಿಯುತ್ತದೆ. ಇಲ್ಲಿ ಮೊದಲ ನಾಲ್ಕೈದು ಹಾಳೆ ಮಾತ್ರ ಟೀ ಡಿಕಾಕ್ಷನ್‌ನಲ್ಲಿ ಅದ್ದಿದ ಹಾಗೆ ಒಂದೇ ಸಮ ಕಂದು. 600ನೇ ಪುಟದ ಹತ್ತಿರ ತೆರೆದರೆ ಬೆಳ್ಳಗಿನ ಕಾಗದ! ಜಾಹೀರಾತಿನ ‘ನಡುವಿನ ಪುಟ’ ಹಳದಿ ಬಲ್ಬಿನ ಕೆಳಗೆ ತೆಗೆದದ್ದು.

ಬೈಂಡಿಂಗ್ ಕಥೆ ಇನ್ನೂ ಚೆನ್ನಾಗಿದೆ. ಬೆನ್ನಿಗೆ ಚರ್ಮ, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ. ಚರ್ಮವೇನೋ ನಿಜವಾದ ಚರ್ಮವೇ. ಆದರೆ ಹೊಸದು. ರಟ್ಟಿನ ಒಳಬದಿಗೆ ಅಂಟಿಸಿದ ಹಾಳೆ ಹೊಸದು, ಅಂಟಿನ ವಾಸನೆ ಕೂಡ ಹೋಗಿರಲಿಲ್ಲ. ಹಳೆಯ ಪುಸ್ತಕಕ್ಕೆ ಹೊಸ ಬೈಂಡಿಂಗ್ ಹಾಕಿಸುವುದು ಮೋಸ ಅಲ್ಲ. ನಮ್ಮ ಲೈಬ್ರರಿಗಳಲ್ಲಿ ಮೂಲ ರಟ್ಟಿನಲ್ಲೇ ಉಳಿದಿರುವ ಇಂಥ ಪುಸ್ತಕ ಅಪರೂಪ, ಹೆಚ್ಚಿನವು ರೆಕ್ಸಿನ್ ಅಥವಾ ಕ್ಯಾಲಿಕೊ ತೊಟ್ಟಿವೆ. ಹಾಗಾಗಿ ‘ಮರುಬೈಂಡ್ ಆಗಿದೆ, ಅಂಚು ಕತ್ತರಿಸಿದೆ, ಮೂಲ ರಟ್ಟು ಇಲ್ಲ’ ಅಂತ ಬರೆದ ಮಾರಾಟಗಾರನ ಮೇಲೆ ನನಗೆ ಜಾಸ್ತಿ ನಂಬಿಕೆ. ‘ಒರಿಜಿನಲ್’ ಅಂದವನನ್ನು ಬೆನ್ನಿನ ಮೇಲ್ತುದಿಯ ಫೋಟೋ ಕೇಳಬೇಕು. ಅಲ್ಲಿ ಪುಸ್ತಕವನ್ನು ಮಡಿಸಿದ ಹಾಳೆಗಳ ಕಂತೆ ಕಂತೆಯಾಗಿ ಹೊಲಿದಿದೆಯೋ ಅಥವಾ ಬಿಡಿ ಹಾಳೆಗಳನ್ನು ಜೋಡಿಸಿ ಅಂಟಿಸಿದ್ದಾರೋ ಗೊತ್ತಾಗುತ್ತದೆ.

ಸೀಲ್ ಬಗ್ಗೆ. ಶೀರ್ಷಿಕೆ ಪುಟದ ಮೇಲೆ ಒಂದು ಕಾಲೇಜಿನ ದುಂಡು ಸೀಲ್ ಇತ್ತು, ಕೆಳಗೆ ದಾಖಲೆ ಸಂಖ್ಯೆ, 1986ರ ಒಂದು ತಾರೀಕು. ಸೀಲಿನಲ್ಲಿ ಆರಂಕಿಯ ಪಿನ್‌ಕೋಡ್ ಬೇರೆ. ನಮ್ಮಲ್ಲಿ ಪಿನ್‌ಕೋಡ್ ಬಂದದ್ದು 1972ರಲ್ಲಿ. ಹಳೆಯ ಪುಸ್ತಕಕ್ಕೂ ಹೊಸ ಸೀಲ್ ಬೀಳಬಹುದು, ಇದೊಂದೇ ಸಾಕ್ಷಿ ಅಂತ ನಾನು ಹೇಳುವುದಿಲ್ಲ. ನನ್ನ ಗಮನ ಸೆಳೆದದ್ದು ಬೇರೆ: ಪುಸ್ತಕವನ್ನು ಲೈಬ್ರರಿಯಿಂದ ತೆಗೆದುಹಾಕಿದ್ದೇವೆ ಅನ್ನುವ ‘ರದ್ದು’ ಅಥವಾ ‘ವಿತ್‌ಡ್ರಾನ್’ ಸೀಲ್ ಎಲ್ಲೂ ಇರಲಿಲ್ಲ. ಅಂದರೆ ಅದು ಹರಾಜಿನಲ್ಲಿ ಬಂದದ್ದೋ, ಕಪಾಟಿನಿಂದ ನಡೆದುಬಂದದ್ದೋ ದೇವರೇ ಬಲ್ಲ. ‘ಲೈಬ್ರರಿ ಸೀಲ್ ಇದೆ’ ಅನ್ನುವುದು ಹಳೆತನದ ಗುರುತಲ್ಲ, ನಾವು ಕೇಳಲೇಬೇಕಾದ ಪ್ರಶ್ನೆ.

ಇನ್ನು ಆ ‘ಮಿಷನ್ ಕಾಲದ ಕಾರ್ಡ್’. ಅದು ಒಂದು ಅಂಚೆ ಕಾರ್ಡ್, ಶಾಯಿ ಮಸುಕಾಗಿತ್ತು, ಯಾರೋ ಯಾರಿಗೋ ಮಳೆ-ಬೆಳೆ, ಮದುವೆ ಮಾತುಕತೆ ಬರೆದದ್ದು. ಓದಲು ಚೆನ್ನಾಗಿತ್ತು ಅನ್ನಿ. ಆದರೆ ಸ್ಟಾಂಪಿನ ಜಾಗದಲ್ಲಿ ಅಶೋಕನ ಸಿಂಹಗಳು! 1894ರ ಕಾರ್ಡ್ ಆಗಿದ್ದರೆ ವಿಕ್ಟೋರಿಯಾ ರಾಣಿಯ ತಲೆ ಇರಬೇಕಿತ್ತು. ಹಳೆ ಪುಸ್ತಕದೊಳಗೆ ಸಿಗುವ ಪತ್ರ, ರಸೀದಿ, ತಿದ್ದುಪಡಿ ಚೀಟಿಗಳಿಗೆ ಬೆಲೆ ಇದೆ, ಆದರೆ ಅದು ಆ ಪುಸ್ತಕದ್ದೇ ಆಗಿದ್ದರೆ ಮಾತ್ರ. ಪ್ರಕಾಶಕರೇ ಹಾಕಿದ್ದೋ, ಹಿಂದಿನ ಯಜಮಾನರು ಬಿಟ್ಟದ್ದೋ, ಮಾರುವವನು ಸೇರಿಸಿದ್ದೋ ಅನ್ನುವುದನ್ನು ಜಾಹೀರಾತು ಬಿಡಿಸಿ ಹೇಳಬೇಕು. ಬಹಳ ಕಾಲ ಒಂದೇ ಕಡೆ ಇದ್ದ ಕಾಗದ ಸಾಮಾನ್ಯವಾಗಿ ಪಕ್ಕದ ಪುಟದ ಮೇಲೆ ತನ್ನ ಅಳತೆಯ ಕಂದು ನೆರಳು ಬಿಟ್ಟಿರುತ್ತದೆ. ಈ ಕಾರ್ಡ್ ಎಲ್ಲೂ ಹಾಗೆ ಗುರುತು ಬಿಟ್ಟಿರಲಿಲ್ಲ.

ಫೋನ್ ಮಾಡಿದಾಗ ಅವನ ಉತ್ತರ ಕೇಳಿ: “ಸಾರ್, ಟೈಟಲ್ ಪೇಜ್‌ನಲ್ಲಿ 1894 ಅಂತಲೇ ಇದೆಯಲ್ಲ, ನಾನೇನು ಪ್ರಿಂಟ್ ಮಾಡಿದೀನಾ?” ಹಳೆ ಪುಸ್ತಕ ವಾಪಸ್ ಇಲ್ಲ ಅಂದ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿದ್ದೆ, ಜಾಹೀರಾತಿನ ಸ್ಕ್ರೀನ್‌ಶಾಟ್ ಇತ್ತು. ಎರಡನ್ನೂ, ಕತ್ತರಿಸಿದ ಹಾಳೆಯ ಫೋಟೋವನ್ನೂ ಕಳಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ ಅಂದ ಮೇಲೆ ದನಿ ಬದಲಾಯಿತು. ಪುಸ್ತಕ ವಾಪಸ್ ತೆಗೆದುಕೊಂಡು 15,000 ಕೊಟ್ಟ. ಉಳಿದದ್ದು ‘ಪ್ಯಾಕಿಂಗ್, ಕೊರಿಯರ್ ಖರ್ಚು’ ಅಂತೆ. ಅದೇ ಪ್ರತಿ ಈಗ ಮತ್ತೆ ಮಾರಾಟಕ್ಕಿದೆ. ‘ಮೊದಲ ಮುದ್ರಣ’ ಅನ್ನುವುದು ಹೋಗಿ ‘1894ರ ಶೀರ್ಷಿಕೆ ಪುಟ ಸಹಿತ’ ಅಂತ ಬಂದಿದೆ. ಮಾತು ಸುಳ್ಳಲ್ಲ ನೋಡಿ, ಎಷ್ಟು ಜಾಣ!

ಇದೇ ಹೆಸರಲ್ಲಿ ಓಡಾಡುವ ಇನ್ನೆರಡು ಪುಸ್ತಕ ಇವೆ, ಗೊಂದಲ ಬೇಡ. ಮದ್ರಾಸ್ ವಿಶ್ವವಿದ್ಯಾಲಯ ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ತಂದ ಕಿಟ್ಟೆಲ್ 1968-71ರದ್ದು, ನಾಲ್ಕು ಸಂಪುಟ. ಅದರ ಒಂದು ಬಿಡಿ ಸಂಪುಟವನ್ನು ‘ಕಿಟ್ಟೆಲ್ ಡಿಕ್ಷನರಿ’ ಅಂತಷ್ಟೇ ಬರೆದು ಮಾರಬಹುದು, ಆದ್ದರಿಂದ ಎಷ್ಟು ಸಂಪುಟ, ಯಾವ ಅಕ್ಷರದಿಂದ ಯಾವ ಅಕ್ಷರದವರೆಗೆ ಅಂತ ಕೇಳಿ. ಇನ್ನೊಂದು, ಜೆ. ಬುಕರ್ ಅವರ 1899ರ ಶಾಲಾ ನಿಘಂಟು. ಅದೂ ಮಂಗಳೂರಿನದೇ, ಕಿಟ್ಟೆಲ್ ಕೆಲಸವನ್ನೇ ಆಧರಿಸಿದ್ದು, ಆದರೆ ಚಿಕ್ಕದು. ಹಾಗೇ ‘ಭಾಷೆ: ಕನ್ನಡ’ ಅಂತ ನೋಡಿ ಕನ್ನಡ-ಕನ್ನಡ ಅರ್ಥಕೋಶ ಅಂತ ಯಾರೂ ಕೊಳ್ಳಬೇಡಿ. ಪದ ಕನ್ನಡ ಲಿಪಿಯಲ್ಲಿ, ಉಚ್ಚಾರ ರೋಮನ್ ಲಿಪಿಯಲ್ಲಿ, ಅರ್ಥ ಮತ್ತು ಮುನ್ನುಡಿ ಇಂಗ್ಲಿಷಿನಲ್ಲಿ.

ನಾನೀಗ ಯಾವ ಮಾರಾಟಗಾರನಿಗಾದರೂ ಕಳಿಸುವ ಸಂದೇಶ ಇಷ್ಟು, ಬೇಕಾದವರು ನಕಲು ಮಾಡಿಕೊಳ್ಳಿ: “ಸಾರ್, ಶೀರ್ಷಿಕೆ ಪುಟದ ಹಿಂಬದಿ, ಆ ಪುಟದ ಎರಡೂ ಪಕ್ಕದ ಒಳ ಅಂಚು, ಬೆನ್ನಿನ ಮೇಲ್ತುದಿ, ಕೊನೆಯ ಅಚ್ಚಾದ ಪುಟ, ಎಲ್ಲ ಸೀಲ್‌ಗಳು, ಒಳಗಿರುವ ಬಿಡಿ ಕಾಗದಗಳ ಎರಡೂ ಬದಿ, ಇವಿಷ್ಟರ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ. ಮರುಮುದ್ರಣ ಅಲ್ಲ ಅಂತ ಬರಹದಲ್ಲಿ ಹೇಳಿ. ಮರುಮುದ್ರಣ ಅಂತ ಆಮೇಲೆ ಗೊತ್ತಾದರೆ ವಾಪಸ್ ತೆಗೆದುಕೊಳ್ಳುತ್ತೀರಾ?” ದುಡ್ಡನ್ನು ಯುಪಿಐನಲ್ಲಿ ನೇರವಾಗಿ ಹಾಕಿ ಅನ್ನುವವರಿಗಂತೂ ಈ ಕೊನೆಯ ಪ್ರಶ್ನೆಗೆ ಉತ್ತರ ಬರುವ ತನಕ ಒಂದು ರೂಪಾಯಿಯೂ ಹಾಕಬೇಡಿ.

ಪದದ ಅರ್ಥ ನೋಡಲು ಬೇಕು ಅಂತಿದ್ದರೆ ಮರುಮುದ್ರಣವೇ ಸಾಕು, ಅದನ್ನು ಮರುಮುದ್ರಣದ ಬೆಲೆಗೇ ಕೊಳ್ಳಿ. ಸ್ಕ್ಯಾನ್ ಅಂತೂ ಪುಕ್ಕಟೆ.