ಗೇಟಿನ ಮುಂದಿನ ರಸ್ತೆ ಮತ್ತು ಮೊಬೈಲಿನ ಸುಳ್ಳು ಅಲರ್ಟುಗಳು: ಬ್ಯಾಟರಿ ಡೋರ್‌ಬೆಲ್ ಹಾಗೂ ವೈರ್ಡ್ ಕ್ಯಾಮೆರಾಗಳ ಹೋಲಿಕೆ

ನಮ್ಮದು ರಸ್ತೆಗೆ ಅಂಟಿಕೊಂಡ ಮನೆ. ಮುಂಬಾಗಿಲಿನಿಂದ ಗೇಟಿಗೆ ಸುಮಾರು ಆರು ಮೀಟರ್ ಅಂಗಳ, ಗೇಟಿನ ಆಚೆಗೆ ಕೂಡಲೇ ಸ್ಕೂಟರುಗಳು ಓಡಾಡುವ ರಸ್ತೆ, ಬದಿಯಲ್ಲಿ ಒಂದು ಹೊಂಗೆ ಮರ. ಇಂಥ ಜಾಗದಲ್ಲಿ ಯಾವ ಸ್ಮಾರ್ಟ್ ಸಾಧನವನ್ನು ಅದರ ಮೂಲ ಸೆಟ್ಟಿಂಗ್‌ನಲ್ಲೇ ಬಿಟ್ಟರೂ ಮೊಬೈಲು ದಿನವಿಡೀ ಕೂಗುತ್ತಿರುತ್ತದೆ, ಕೊನೆಗೆ ಮನೆಯವರು ಅಲರ್ಟುಗಳನ್ನೇ ಬಂದ್ ಮಾಡಿಬಿಡುತ್ತಾರೆ. ನಾನು ಬಾಗಿಲ ಪಕ್ಕದ ಕಂಬಕ್ಕೆ ಬ್ಯಾಟರಿಯಿಂದ ನಡೆಯುವ ವಿಡಿಯೋ ಡೋರ್‌ಬೆಲ್ಲನ್ನೂ ಸಜ್ಜಾದ ಕೆಳಗೆ ವೈರ್ಡ್ ಕ್ಯಾಮೆರಾವನ್ನೂ ಹಾಕಿ ಎರಡನ್ನೂ ಜೊತೆಯಾಗಿ ನಡೆಸಿದ್ದೇನೆ. ಕ್ಯಾಮೆರಾವನ್ನು ಮೊದಲು ಬರಿಯ ಚಲನೆಯ ಅಲರ್ಟಿನಲ್ಲಿ, ಆಮೇಲೆ ಮನುಷ್ಯರನ್ನು ಗುರುತಿಸುವ ಸೌಲಭ್ಯದೊಂದಿಗೆ ಬಳಸಿದೆ. ಎರಡು ಆ್ಯಪ್‌ಗಳಲ್ಲೂ ಸೆನ್ಸಿಟಿವಿಟಿಯ ಸ್ಲೈಡರ್ ಒಂದೇ ರೀತಿ ಕಾಣುತ್ತದೆ, ಆದರೆ ಅದನ್ನು ಎಳೆದಾಗ ಒಳಗೆ ಬದಲಾಗುವುದು ಬೇರೆ ಬೇರೆ ಸಂಗತಿ ಎಂಬುದೇ ಈ ಹೋಲಿಕೆಯ ಮುಖ್ಯ ವಿಷಯ.

ಬ್ಯಾಟರಿ ಡೋರ್‌ಬೆಲ್ ಚಾರ್ಜ್ ಉಳಿಸಲು ಬಹುಪಾಲು ಸಮಯ ನಿದ್ರಿಸುತ್ತಿರುತ್ತದೆ. ಅದನ್ನು ಎಬ್ಬಿಸುವುದು ಪಿಐಆರ್ ಸೆನ್ಸರ್, ಎಂದರೆ ಎದುರಿನ ಜಾಗದಲ್ಲಿ ಬಿಸಿ ಇರುವ ವಸ್ತುವೊಂದು ಸರಿದಾಡಿದಾಗ ಆಗುವ ವ್ಯತ್ಯಾಸವನ್ನು ಗ್ರಹಿಸುವ ಭಾಗ. ಇಲ್ಲಿ ಸ್ಲೈಡರ್ ಹೆಚ್ಚಿಸಿದಷ್ಟೂ ಸೆನ್ಸರ್ ಹೆಚ್ಚು ದೂರದವರೆಗೆ ಎಚ್ಚರವಾಗಿರುತ್ತದೆ. ಈ ಬಗೆಯ ಸೆನ್ಸರ್ ತನ್ನ ಎದುರು ಅಡ್ಡಲಾಗಿ ಹೋಗುವುದನ್ನು ಬೇಗ ಹಿಡಿಯುತ್ತದೆ, ತನ್ನತ್ತ ನೇರವಾಗಿ ನಡೆದು ಬರುವುದನ್ನು ತಡವಾಗಿ ಹಿಡಿಯುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ರಸ್ತೆಯ ಮೇಲೆ ಅಡ್ಡ ಹಾಯುವ, ಬಿಸಿ ಎಂಜಿನ್ನಿನ ಸ್ಕೂಟರಿಗೆಲ್ಲ ಅಲರ್ಟ್ ಬರುತ್ತಿತ್ತು, ಗೇಟು ತೆರೆದು ನೆಟ್ಟಗೆ ಬಾಗಿಲಿಗೆ ಬರುವ ಕೊರಿಯರ್‌ನವನ ವಿಡಿಯೋ ಮಾತ್ರ ಅವನು ಪೊಟ್ಟಣವಿಟ್ಟು ತಿರುಗುವ ಹೊತ್ತಿಗೆ ಶುರುವಾಗುತ್ತಿತ್ತು.

ಇದಕ್ಕೆ ಸ್ಲೈಡರ್ ಒಂದೇ ಪರಿಹಾರವಲ್ಲ. ಡೋರ್‌ಬೆಲ್ಲಿನ ಹಿಂದೆ ಓರೆಯಾದ ಪಟ್ಟಿಯೊಂದನ್ನು ಇಟ್ಟು ಅದರ ಮುಖವನ್ನು ಗೇಟಿನಿಂದ ಮೆಟ್ಟಿಲಿನ ಕಡೆಗೆ ತಿರುಗಿಸಿದಾಗ, ಬರುವವರು ಸೆನ್ಸರಿಗೆ ಓರೆಯಾಗಿ ಹಾಯುವಂತಾಯಿತು. ಆಮೇಲೆ ಸೂಕ್ಷ್ಮತೆಯನ್ನು ಒಂದೊಂದೇ ಹಂತ ಇಳಿಸುತ್ತ, ಪ್ರತಿ ಸಲವೂ ಮನೆಯವರೊಬ್ಬರನ್ನು ಮೊದಲು ಗೇಟಿನ ಹೊರಗೆ, ನಂತರ ಒಳಗೆ ನಡೆಸಿ, ಹೊರಗಿನ ನಡಿಗೆಗೆ ಅಲರ್ಟ್ ನಿಂತು ಒಳಗಿನದಕ್ಕೆ ಮಾತ್ರ ಬರುವ ಹಂತದಲ್ಲಿ ನಿಲ್ಲಿಸಿದೆ. ಎರಡು ಪರೀಕ್ಷೆಗಳ ನಡುವೆ ಸ್ವಲ್ಪ ಹೊತ್ತು ಕಾಯಬೇಕು, ಏಕೆಂದರೆ ಇಂಥ ಅನೇಕ ಸಾಧನಗಳು ಒಂದು ಅಲರ್ಟಿನ ನಂತರ ಬ್ಯಾಟರಿ ಉಳಿಸಲು ಕೆಲಕಾಲ ಸುಮ್ಮನಿರುತ್ತವೆ ಮತ್ತು ಆ ಮೌನವನ್ನು ಸೆಟ್ಟಿಂಗ್ ಸರಿಯಾಯಿತೆಂದು ತಿಳಿಯುವ ಅಪಾಯವಿದೆ. ಪರೀಕ್ಷೆಯನ್ನು ಬೆಳಿಗ್ಗೆಯೂ ಸುಡು ಮಧ್ಯಾಹ್ನವೂ ಮಾಡುವುದು ಅಗತ್ಯ. ಏಪ್ರಿಲ್‌ನ ಬಿಸಿಲಿನಲ್ಲಿ ಅಂಗಳದ ನೆಲ ಮತ್ತು ಗೋಡೆಗಳ ಬಿಸಿ ಮೈ ಬಿಸಿಯ ಹತ್ತಿರಕ್ಕೆ ಬಂದಾಗ ವ್ಯತ್ಯಾಸವೇ ಕುಗ್ಗಿ, ಬೆಳಿಗ್ಗೆ ಚೆನ್ನಾಗಿ ಹಿಡಿದ ಹಂತವೇ ಮಧ್ಯಾಹ್ನ ಜನರನ್ನು ಬಿಟ್ಟುಬಿಡುತ್ತದೆ. ಡೋರ್‌ಬೆಲ್ಲಿನ ವಲಯಗಳ, ಎಂದರೆ ಅಲರ್ಟ್ ಬರಬೇಕಾದ ಜಾಗವೆಂದು ಆ್ಯಪ್‌ನಲ್ಲಿ ಗುರುತಿಸುವ ಭಾಗಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನನ್ನದರಲ್ಲಿ ಎಡ, ನಡು, ಬಲ ಎಂಬ ಅಗಲವಾದ ಪಾಲುಗಳಷ್ಟೇ ಇವೆ, ರಸ್ತೆ ಮೂರರ ಹಿಂದೆಯೂ ಹಾದುಹೋಗುವುದರಿಂದ ಅವುಗಳಿಂದ ನನಗೆ ಪ್ರಯೋಜನವಾಗಲಿಲ್ಲ.

ವೈರ್ಡ್ ಕ್ಯಾಮೆರಾ ಸದಾ ನೋಡುತ್ತಿರುತ್ತದೆ. ಬರಿಯ ಚಲನೆಯ ಅಲರ್ಟಿನಲ್ಲಿ ಅದು ಒಂದು ಚಿತ್ರವನ್ನು ಮುಂದಿನದರೊಂದಿಗೆ ಹೋಲಿಸಿ, ವಲಯದೊಳಗೆ ಎಷ್ಟು ಭಾಗ ಬದಲಾಯಿತು ಎಂದು ಅಳೆಯುತ್ತದೆ. ಆದ್ದರಿಂದ ಇಲ್ಲಿ ಸ್ಲೈಡರ್ ಹೇಳುವುದು ದೂರವನ್ನಲ್ಲ, ಬದಲಾವಣೆಯ ಗಾತ್ರವನ್ನು. ತೊಡಕು ಇರುವುದೂ ಇಲ್ಲಿಯೇ. ಕ್ಯಾಮೆರಾದಿಂದ ಎರಡು ಮೀಟರ್ ದೂರದಲ್ಲಿರುವ ವ್ಯಕ್ತಿ ಆರು ಮೀಟರ್ ದೂರ ಸರಿದರೆ, ಚಿತ್ರದಲ್ಲಿ ಅವನು ತುಂಬುವ ಜಾಗ ಸುಮಾರು ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಬೆಳಗಿನ ಬಿಸಿಲಿನಲ್ಲಿ ಅಂಗಳದ ಮೇಲೆ ಅಲ್ಲಾಡುವ ಹೊಂಗೆಯ ನೆರಳು ಗೇಟಿನ ಬಳಿ ನಿಂತ ಮನುಷ್ಯನಿಗಿಂತ ಎಷ್ಟೋ ದೊಡ್ಡದು. ನೆರಳಿನ ಅಲರ್ಟು ನಿಲ್ಲುವಷ್ಟು ಸೂಕ್ಷ್ಮತೆಯನ್ನು ಇಳಿಸಿದಾಗ ಪೇಪರ್ ಹಾಕುವ ಹುಡುಗನೂ ಕಾಣೆಯಾದ. ಗೇಟಿನ ಭಾಗಕ್ಕೆ ಒಂದು, ಮೆಟ್ಟಿಲಿನ ಭಾಗಕ್ಕೆ ಒಂದು ಎಂದು ಎರಡು ವಲಯ ಮಾಡಿ, ಪ್ರತಿಯೊಂದಕ್ಕೂ ಬೇರೆ ಸೂಕ್ಷ್ಮತೆ ಕೊಡಲು ಆ್ಯಪ್ ಅವಕಾಶ ನೀಡಿದರೆ ಪರಿಸ್ಥಿತಿ ಸುಧಾರಿಸುತ್ತದೆ, ಆದರೆ ನೆರಳು ಎರಡರ ಮೇಲೂ ಬಿದ್ದರೆ ಪೂರ್ತಿ ಪರಿಹಾರವಾಗುವುದಿಲ್ಲ.

ರಾತ್ರಿಯ ತೊಂದರೆಯ ಬಗೆಯೇ ಬೇರೆ. ಲೆನ್ಸಿನ ಸುತ್ತಲಿನ ಇನ್‌ಫ್ರಾರೆಡ್ ಬೆಳಕಿನಲ್ಲಿ ಮಳೆಗಾಲದ ಹುಳಗಳು ಹಾರಾಡುತ್ತವೆ, ಜೇಡ ಅಲ್ಲಿಯೇ ಬಲೆ ಕಟ್ಟುತ್ತದೆ. ಲೆನ್ಸಿಗೆ ಅಂಗೈಯಷ್ಟು ಹತ್ತಿರ ಹಾರುವ ಪತಂಗ ಚಿತ್ರದಲ್ಲಿ ಮನುಷ್ಯನಿಗಿಂತ ದೊಡ್ಡ ಬಿಳಿಯ ಪಟ್ಟೆಯಾಗಿ ಹೊಳೆಯುವುದರಿಂದ ಸೂಕ್ಷ್ಮತೆಯನ್ನು ಎಷ್ಟು ಇಳಿಸಿದರೂ ಅದು ಹೋಗುವುದಿಲ್ಲ. ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ ದೀಪವನ್ನು ಆರಿಸಿ, ಅದರಿಂದ ದೂರದಲ್ಲಿ, ಗೇಟಿನ ಕಂಬದ ಮೇಲೆ ಸಣ್ಣ ಎಲ್‌ಇಡಿ ಬಲ್ಬನ್ನು ಉರಿಸಿದಾಗ ಹುಳಗಳು ಆ ಕಡೆಗೆ ಹೋದವು. ಅಲರ್ಟುಗಳೂ ನಿಂತವು.

ಅದೇ ಕ್ಯಾಮೆರಾದಲ್ಲಿ ಮನುಷ್ಯರನ್ನು ಗುರುತಿಸುವ ಸೌಲಭ್ಯವನ್ನು ಆರಂಭಿಸಿದ ಮೇಲೆ ನೆರಳು, ನಾಯಿ, ಬೆಕ್ಕುಗಳ ಅಲರ್ಟುಗಳು ಬಹುಮಟ್ಟಿಗೆ ಇಲ್ಲವಾದವು. ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ಹೆಚ್ಚಿನ ಸಾಧನಗಳಲ್ಲಿ ಮೊದಲು ಚಲನೆ ಪತ್ತೆಯಾಗಬೇಕು, ಅನಂತರವೇ ಅದು ಮನುಷ್ಯನೇ ಎಂಬ ಪರಿಶೀಲನೆ ನಡೆಯುತ್ತದೆ. ಆದ್ದರಿಂದ ಈ ವಿಧಾನಕ್ಕೆ ಬಂದ ಮೇಲೆ, ಹಿಂದೆ ನೆರಳಿಗಾಗಿ ಇಳಿಸಿದ್ದ ಸೂಕ್ಷ್ಮತೆಯನ್ನು ಮತ್ತೆ ಮೇಲಕ್ಕೆ ತರಬೇಕು. ಅದನ್ನು ತಳದಲ್ಲೇ ಬಿಟ್ಟರೆ ಜನರನ್ನು ಗುರುತಿಸುವ ಭಾಗಕ್ಕೆ ನೋಡಲು ಏನೂ ಸಿಗುವುದಿಲ್ಲ, ಬಳಕೆದಾರರಿಗೆ ಮಾತ್ರ ಸೌಲಭ್ಯವೇ ಕೆಟ್ಟದ್ದೆಂದು ತೋರುತ್ತದೆ.

ಉಳಿದದ್ದು ಗೇಟಿನ ಆಚೆ ನಡೆದುಹೋಗುವವರ ಅಲರ್ಟುಗಳು. ಚಿತ್ರದಲ್ಲಿ ಗೇಟಿನ ಮೇಲ್ಭಾಗವೂ ಹಿಂದಿನ ರಸ್ತೆಯೂ ಒಂದೇ ಕಡೆ ಬೀಳುತ್ತವೆ. ಗೇಟಿನ ಪೂರ್ಣ ಎತ್ತರವನ್ನು ಸುತ್ತಿ ವಲಯ ಬರೆದರೆ ದಾರಿಹೋಕರ ತಲೆ, ಭುಜಗಳು ಅದರೊಳಗೆ ಬರುತ್ತವೆ. ವಲಯವನ್ನು ಕಾಲು ಬೀಳುವ ನೆಲಕ್ಕೆ ಮಾತ್ರ, ಅಂದರೆ ಗೇಟಿನ ಒಳಬದಿಯಿಂದ ಮೆಟ್ಟಿಲಿನವರೆಗಿನ ಅಂಗಳಕ್ಕೆ ಮಾತ್ರ ಬರೆಯಬೇಕು. ಫ್ರಿಗೇಟ್ ಎಂಬ ಮುಕ್ತ ತಂತ್ರಾಂಶವು ಗುರುತಿಸಿದ ವ್ಯಕ್ತಿಯ ಸುತ್ತ ಎಳೆದ ಚೌಕಟ್ಟಿನ ತಳದ ನಡುಬಿಂದು ವಲಯದಲ್ಲಿದೆಯೇ ಎಂದು ನೋಡುತ್ತದೆ. ಇದು ಪಾದಗಳನ್ನು ನೋಡಿದಂತೆಯೇ. ಬೇರೆ ಕೆಲವು ಸಾಧನಗಳಿಗೆ ಚೌಕಟ್ಟಿನ ಒಂದು ಮೂಲೆ ತಾಗಿದರೂ ಸಾಕು. ನಿಮ್ಮದು ಯಾವ ಬಗೆಯದೆಂದು ತಿಳಿಯಲು, ಒಬ್ಬರನ್ನು ಗೇಟಿನ ಹೊರಗೆ, ಗೇಟಿಗೆ ಒರಗಿ ಕೈಯನ್ನು ಒಳಕ್ಕೆ ಚಾಚಿ ಅಲ್ಲಾಡಿಸುವಂತೆ ಹೇಳಿ ನೋಡಿ. ಆಗ ಅಲರ್ಟ್ ಬಂದರೆ ವಲಯದ ಗೆರೆಯನ್ನು ಗೇಟಿನಿಂದ ಇನ್ನೂ ಒಂದು ಹೆಜ್ಜೆ ಒಳಕ್ಕೆ ಎಳೆಯಬೇಕು.

ಈ ವಿಧಾನಕ್ಕೂ ಮಿತಿಗಳಿವೆ. ಎತ್ತರದಿಂದ ಕೆಳಮುಖವಾಗಿ ನೋಡುವ ಕ್ಯಾಮೆರಾಕ್ಕೆ ಕೊಡೆ ಹಿಡಿದು ಬರುವವರು ಮನುಷ್ಯರಾಗಿ ಕಾಣದಿರಬಹುದು, ಹಗ್ಗದ ಮೇಲೆ ಗಾಳಿಗೆ ಆಡುವ ಉದ್ದನೆಯ ಅಂಗಿ ಮನುಷ್ಯನಾಗಿ ಕಾಣಬಹುದು. ಹಾಗಾಗಿ ನಾನು ಎಲ್ಲ ಚಲನೆಯನ್ನೂ ಮೆಮೊರಿ ಕಾರ್ಡಿಗೆ ದಾಖಲಿಸಲು ಬಿಟ್ಟು, ಮೊಬೈಲಿಗೆ ಮಾತ್ರ ಮನುಷ್ಯರ ಅಲರ್ಟ್ ಕಳುಹಿಸುವಂತೆ ಮಾಡಿದ್ದೇನೆ. ಬ್ಯಾಟರಿ ಡೋರ್‌ಬೆಲ್ಲಿನಲ್ಲಿ ಈ ಅನುಕೂಲವಿಲ್ಲ, ಸೆನ್ಸರ್ ಎಚ್ಚರವಾಗದಿದ್ದರೆ ಆ ಕ್ಷಣದ ವಿಡಿಯೋವೇ ಇರುವುದಿಲ್ಲ.

ರಸ್ತೆ ಹತ್ತಿರವಿರುವ ಮನೆಗೆ ನನ್ನ ಆಯ್ಕೆ ಮನುಷ್ಯರನ್ನು ಗುರುತಿಸುವ ವೈರ್ಡ್ ಕ್ಯಾಮೆರಾ. ಅದರಲ್ಲಿ ವಲಯ ನೆಲಕ್ಕೆ ಸೀಮಿತವಾಗಿರಲಿ, ಸೂಕ್ಷ್ಮತೆ ಮಧ್ಯಮಕ್ಕಿಂತ ತುಸು ಮೇಲಿರಲಿ. ಬಾಗಿಲು ರಸ್ತೆಯಿಂದ ದೂರದ ಕಾರಿಡಾರಿನಲ್ಲಿರುವ ಅಪಾರ್ಟ್‌ಮೆಂಟಿಗಾದರೆ ತಂತಿ ಎಳೆಯುವ ಕೆಲಸವಿಲ್ಲದ ಬ್ಯಾಟರಿ ಡೋರ್‌ಬೆಲ್ಲೇ ಸಾಕು. ಅಲ್ಲಿ ಸೂಕ್ಷ್ಮತೆಯನ್ನು ಎದುರು ಮನೆಯ ಬಾಗಿಲು ತಲುಪದಷ್ಟು ಇಳಿಸಿದರೆ ನೆರೆಯವರ ಓಡಾಟವೂ ದಾಖಲಾಗುವುದಿಲ್ಲ.