ಪಾಪುಗೆ ಜಾಂಡೀಸ್ ಇದೆಯಾ ಅಂತ ಫೋನ್ ಫೋಟೋ ನೋಡಿ ತೀರ್ಮಾನ ಮಾಡ್ಬೇಡಿ

ಮನೇಲಿ ಹಸುಗೂಸು ಇರೋರು ಇದನ್ನ ಓದಿ. ನಮ್ಮಕ್ಕನ ಪಾಪು ಹುಟ್ಟಿ ನಾಲ್ಕನೇ ದಿನ, ಎರಡು ಗುಟುಕು ಹಾಲು ಕುಡಿಯೋದು ಮತ್ತೆ ನಿದ್ದೆಗೆ ಜಾರೋದು, ಅಂಗಾಲು ತಟ್ಟಿದ್ರೂ ಸರಿಯಾಗಿ ಏಳ್ತಿರ್ಲಿಲ್ಲ. ಅಕ್ಕ ಕ್ಲಿನಿಕ್‌ಗೆ ಫೋಟೋ ಕಳ್ಸಿದ್ಲು, ಅಲ್ಲಿಂದ "ಕಲರ್ ನಾರ್ಮಲ್ ಇದೆ, ಹಾಲು ಕುಡಿಸ್ತಾ ಇರಿ" ಅಂತ ರಿಪ್ಲೈ ಬಂತು. ಮಾರನೇ ದಿನ ಆಸ್ಪತ್ರೇಲಿ ರಕ್ತ ಟೆಸ್ಟ್ ಮಾಡಿದಾಗ ಮೈ ಹಳದಿ ಮಾಡೋ ಬಿಲಿರುಬಿನ್ ಅನ್ನೋ ಅಂಶ 22 ಇತ್ತು, ತಕ್ಷಣ ನೀಲಿ ಲೈಟ್ ಕೆಳಗೆ ಮಲಗಿಸಿದ್ರು. ಇನ್ನೂ ಏರಿ ಮೆದುಳಿಗೆ ಹೋಗಿದ್ರೆ ಕಿವಿ ಕೇಳ್ಸೋದೂ ಹೋಗ್ಬಹುದಿತ್ತು, ಕೈಕಾಲಿನ ಹಿಡಿತಾನೂ ಹೋಗ್ಬಹುದಿತ್ತು ಅಂದ್ರು ಡಾಕ್ಟ್ರು.

ಫೋಟೋದಲ್ಲಿ ಯಾಕೆ ಕಾಣ್ಲಿಲ್ಲ ಅಂದ್ರೆ, ರೂಮಲ್ಲಿ ಹಳದಿ ಬಲ್ಬ್ ಇತ್ತು, ಫೋನು ತಾನೇ ಕಲರ್ ಸರಿ ಮಾಡೋಕೆ ಹೋಗಿ ಬಲ್ಬಿನ ಹಳದಿ ಜೊತೆ ಪಾಪುವಿನ ಹಳದೀನೂ ತೆಗ್ದುಬಿಡ್ತು, ಮೇಲಿಂದ ಬ್ಯೂಟಿ ಮೋಡ್ ಬೇರೆ! ಅದಕ್ಕಿಂತ ಮುಖ್ಯವಾಗಿ ನಮ್ಮ ಪಾಪು ಕಪ್ಪು, ಗಾಢ ಬಣ್ಣದ ಚರ್ಮದ ಅಡಿಯಲ್ಲಿ ಹಳದಿ ಮುಚ್ಚಿಹೋಗತ್ತೆ. ಬೆಳ್ಳಗಿರೋ ಮಕ್ಕಳ ಫೋಟೋ ನೋಡಿ ಕಣ್ಣು ಪಳಗಿರೋರಿಗೆ ಇದು ತಪ್ಪೋದೇ ಜಾಸ್ತಿ.

ಆಸ್ಪತ್ರೇಲಿ ನರ್ಸಮ್ಮ ಮಾಡಿದ್ದು ಇಷ್ಟೇ, ಕಿಟಕಿ ಹತ್ರ ಹಗಲು ಬೆಳಕಲ್ಲಿ ಎತ್ತಿಕೊಂಡು ಹಣೆ, ಎದೆಮೂಳೆ ಮೇಲೆ ಬೆರಳಿಂದ ಮೆಲ್ಲಗೆ ಒತ್ತಿ ಬಿಟ್ರು. ರಕ್ತ ಸರಿದು ವಾಪಸ್ ಬರೋ ಆ ಒಂದು ಕ್ಷಣದಲ್ಲಿ ಹಳದಿ ಕಾಣ್ತು. ಆಮೇಲೆ ಒಸಡು ನೋಡಿದ್ರು, ಅಲ್ಲಿ ಇನ್ನೂ ಸ್ಪಷ್ಟ. ಕಣ್ಣಿನ ಬಿಳಿ ಭಾಗ ನೋಡ್ಬೇಕು ನಿಜ, ಆದ್ರೆ ಪಾಪು ಕಣ್ಣು ಬಿಟ್ರೆ ತಾನೇ. ದೊಡ್ಡವರಲ್ಲಿ ನೋಡೋವಾಗ ಒಂದು ಗಮನ ಇರ್ಲಿ, ಕಪ್ಪಗಿರೋರ ಕಣ್ಣಿನ ಬಿಳಿಯಲ್ಲಿ ಸಹಜವಾಗೇ ಕಂದು ಛಾಯೆ ಇರ್ಬಹುದು, ಅದಕ್ಕೆ ರೆಪ್ಪೆ ಎತ್ತಿ ಒಳಗಡೆ ಮುಚ್ಚಿರೋ ಜಾಗ ನೋಡ್ಬೇಕು.

ಇಷ್ಟೆಲ್ಲಾ ನೋಡಿ ಹಳದಿ ಕಾಣ್ಲಿಲ್ಲ ಅಂದ್ರೂ ಜಾಂಡೀಸ್ ಇಲ್ಲ ಅಂತ ಅಲ್ಲ, ಎಷ್ಟಿದೆ ಅಂತ ಕಣ್ಣಳತೇಲಿ ಹೇಳೋಕಂತೂ ಆಗಲ್ಲ, ಚರ್ಮದ ಮೇಲಿಟ್ಟು ಬಿಲಿರುಬಿನ್ ಅಳೆಯೋ ಮೀಟರ್ ಇಲ್ಲಾ ರಕ್ತ ಟೆಸ್ಟೇ ಬೇಕು. ಹುಟ್ಟಿದ ಮೊದಲ 24 ಗಂಟೆಯಲ್ಲಿ ಹಳದಿ ಬಂದ್ರೆ, ಪಾಪು ಹಾಲು ಬಿಟ್ರೆ, ಎಬ್ಬಿಸೋಕೆ ಕಷ್ಟ ಆದ್ರೆ, ಕೀರಲು ದನಿಯಲ್ಲಿ ಅಳ್ತಿದ್ರೆ, ಮಲ ಸುಣ್ಣದ ಥರ ಬೆಳ್ಳಗಿದ್ರೆ ಫೋಟೋ ಕಳ್ಸಿ ಕಾಯ್ಬೇಡಿ, ಎತ್ಕೊಂಡು ಹೋಗಿ. ಬಿಸಿಲಲ್ಲಿ ಮಲಗಿಸಿದ್ರೆ ಹೋಗತ್ತೆ ಅನ್ನೋರ ಮಾತು ಕೇಳ್ಕೊಂಡು ಕೂರಲೂಬೇಡಿ.

ಕೆಂಪು, ಬಿಳಿಚಿಕೊಳ್ಳೋದು ಕೂಡ ಇದೇ ಕಥೆ. ಸೋಂಕಿನ ಕೆಂಪು ನಮ್ಮ ಚರ್ಮದ ಮೇಲೆ ನೇರಳೆ ಇಲ್ಲಾ ಗಾಢ ಕಂದಾಗಿ ಕಾಣತ್ತೆ, ಕೈ ಹಿಂಬದಿಯಿಂದ ಮುಟ್ಟಿ ಬಿಸಿ, ಊತ ಇದೆಯಾ ನೋಡಿ. ರಕ್ತ ಕಡಿಮೆ ಆದ್ರೆ ಮುಖ ಬೂದಿ ಬಣ್ಣಕ್ಕೆ ತಿರುಗತ್ತೆ ಅಷ್ಟೇ, ಕೆಳರೆಪ್ಪೆ ಒಳಭಾಗ, ನಾಲಿಗೆ, ಅಂಗೈ ನೋಡಿದ್ರೆ ಗೊತ್ತಾಗೋದು. ಫೋಟೋ ಕಳ್ಸಲೇಬೇಕಾಗಿ ಬಂದ್ರೆ ಹಗಲು ಬೆಳಕಲ್ಲಿ, ಫಿಲ್ಟರ್ ಆಫ್ ಮಾಡಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ತೆಗೀರಿ, ಜೊತೆಗೆ "ಮಾಮೂಲಿ ಬಣ್ಣ ಹೀಗಿರಲ್ಲ" ಅಂತ ಬಾಯಿಬಿಟ್ಟು ಹೇಳಿ.