ಬಿಪಿ ಮೆಷಿನ್: ಕಫ್, ಕೈ, ಮಾತು. ಯಾವುದರಿಂದ ಎಷ್ಟು ವ್ಯತ್ಯಾಸ?

ಮನೆಯ ಬಿಪಿ ಮೆಷಿನ್ ಒಂದೇ ತೋಳಿನ ಮೇಲೆ ಕಾಲು ಗಂಟೆಯೊಳಗೆ 132, 141, 150 ಎಂದು ಮೂರು ಸಂಖ್ಯೆ ತೋರಿಸಬಹುದು. ಮೆಷಿನ್ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವ ಮೊದಲು ತೋಳಿಗೆ ಸುತ್ತುವ ಕಫ್‌ನ ಅಳತೆ, ಕೈ ಇಟ್ಟಿರುವ ಎತ್ತರ, ಅಳೆಯುವಾಗ ಆಡುವ ಮಾತು, ಈ ಮೂರನ್ನು ನೋಡಿಕೊಳ್ಳಬೇಕು. ಮೂರೂ ಸಂಖ್ಯೆಯನ್ನು ಕೆಡಿಸುತ್ತವೆ, ಆದರೆ ಕೆಡಿಸುವ ಬಗೆ ಬೇರೆ ಬೇರೆ.

ಕೈಯನ್ನು ತೊಡೆಯ ಮೇಲೆ ಇಟ್ಟಾಗ ಎಷ್ಟು, ಮೇಜಿನ ಮೇಲೆ ಇಟ್ಟಾಗ ಎಷ್ಟು ಎಂದು ಮನೆಯಲ್ಲೇ ಹೋಲಿಸಿ ನೋಡುವವರಿಗೆ ಒಂದು ಕ್ರಮ ಬೇಕು. ಮೊದಲ ರೀಡಿಂಗ್ ಸಾಮಾನ್ಯವಾಗಿ ತುಸು ಹೆಚ್ಚೇ ಬರುತ್ತದೆ. ಹಾಗಾಗಿ ಮೊದಲು ತೊಡೆಯ ಮೇಲೆ, ಆಮೇಲೆ ಮೇಜಿನ ಮೇಲೆ ಕೈ ಇಟ್ಟು ಒಂದೊಂದು ಸಲ ಅಳೆದರೆ ತೊಡೆಗೆ ಅನ್ಯಾಯವಾಗುತ್ತದೆ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂತ ಮೇಲೆ ಮೇಜು, ತೊಡೆ, ತೊಡೆ, ಮೇಜು ಎಂಬ ಸರದಿಯಲ್ಲಿ ಒಂದೊಂದು ನಿಮಿಷ ಬಿಟ್ಟು ಅಳೆಯಿರಿ. ಎರಡೂ ಜೋಡಿಗಳ ಸರಾಸರಿ ತೆಗೆದು ಹೋಲಿಸಿದರೆ ಲೆಕ್ಕ ನ್ಯಾಯವಾಗಿರುತ್ತದೆ.

ಮಾತಿನ ವಿಷಯ ಬೇಗ ಮುಗಿಯುತ್ತದೆ. ಕಫ್ ಗಾಳಿ ತುಂಬಿಕೊಳ್ಳುವಾಗ "ಗ್ಯಾಸ್ ಆಫ್ ಮಾಡಿದೆಯಾ?" ಎಂದು ಕೇಳಿದರೂ ಸಾಕು. ಮಾತಾಡುತ್ತಲೇ ಇದ್ದರೆ ಮೇಲಿನ ಸಂಖ್ಯೆ ಹತ್ತರ ಆಸುಪಾಸು ಏರುವುದು ಸಾಮಾನ್ಯ, ಕೆಲವರಿಗೆ ಇನ್ನೂ ಹೆಚ್ಚು. ಇಲ್ಲಿ ಮೆಷಿನ್ ತಪ್ಪು ಓದುತ್ತಿಲ್ಲ, ಆ ಹೊತ್ತಿಗೆ ಒತ್ತಡ ನಿಜವಾಗಿಯೂ ಏರಿರುತ್ತದೆ. ಸುಮ್ಮನಾದರೆ ಇಳಿಯುತ್ತದೆ, ಅದರಿಂದಲೇ ಈ ತಪ್ಪನ್ನು ಹಿಡಿಯುವುದು ಸುಲಭ.

ಕೈಯ ಎತ್ತರದ್ದು ಬರೀ ಭೌತಶಾಸ್ತ್ರ. ಕಫ್‌ನ ನಡುಭಾಗ ಹೃದಯದ ಮಟ್ಟದಲ್ಲಿ, ಅಂದರೆ ಎದೆಮೂಳೆಯ ಮಧ್ಯದ ನೇರಕ್ಕೆ ಇರಬೇಕು. ಅದಕ್ಕಿಂತ ಕೆಳಗಿಳಿದರೆ ಮೇಲಿನ ರಕ್ತದ ತೂಕವೂ ಸೇರಿಕೊಂಡು ಪ್ರತಿ ಸೆಂಟಿಮೀಟರಿಗೆ ಸುಮಾರು 0.8 ಪಾಯಿಂಟ್ ಹೆಚ್ಚು ತೋರಿಸುತ್ತದೆ. ಮೇಲೇರಿದರೆ ಅಷ್ಟೇ ಕಡಿಮೆ. 2024ರಲ್ಲಿ ಪ್ರಕಟವಾದ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರ ಪ್ರಯೋಗದಲ್ಲಿ 133 ಜನರನ್ನು ಅಳೆದಾಗ, ಮೇಜಿನ ಮೇಲಿಟ್ಟ ಕೈಗಿಂತ ತೊಡೆಯ ಮೇಲಿಟ್ಟ ಕೈ ಸರಾಸರಿ 4 ಪಾಯಿಂಟ್, ಪಕ್ಕಕ್ಕೆ ಜೋತುಬಿಟ್ಟ ಕೈ 6.5 ಪಾಯಿಂಟ್ ಹೆಚ್ಚು ತೋರಿಸಿತು. ನಮ್ಮ ಊಟದ ಮೇಜುಗಳು ಕೆಲವರಿಗೆ ತಗ್ಗು. ಆಗ ಮೊಣಕೈ ಕೆಳಗೆ ಮಡಚಿದ ಟವೆಲ್ ಇಟ್ಟು ಕಫ್ ಮೇಲೆತ್ತಿಕೊಳ್ಳಿ. ಆಸರೆ ಇಲ್ಲದೆ ಕೈಯನ್ನು ಗಾಳಿಯಲ್ಲಿ ಹಿಡಿದರೆ ಎತ್ತರ ಸರಿಯಿದ್ದರೂ ಸ್ನಾಯು ಬಿಗಿಯುವುದರಿಂದ ಸಂಖ್ಯೆ ಏರುತ್ತದೆ.

ನಿಜವಾದ ಕಳ್ಳ ಕಫ್. ಇದರ ತಪ್ಪು ಪ್ರತಿ ಸಲವೂ ಒಂದೇ ದಿಕ್ಕಿಗೆ ಬರುವುದರಿಂದ ರೀಡಿಂಗ್‌ಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ಅನುಮಾನವೇ ಹುಟ್ಟುವುದಿಲ್ಲ. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಒಳಗಿನ ಗಾಳಿಚೀಲ ತೋಳನ್ನು ಸಾಕಷ್ಟು ಬಳಸುವುದಿಲ್ಲ. ರಕ್ತನಾಳವನ್ನು ಅದುಮಲು ಹೆಚ್ಚು ಗಾಳಿ ಬೇಕಾಗುತ್ತದೆ, ಮೆಷಿನ್ ಆ ಹೆಚ್ಚಿನ ಗಾಳಿಯನ್ನೇ ಬಿಪಿ ಎಂದು ತೋರಿಸುತ್ತದೆ. ಅದೇ ಸಂಸ್ಥೆಯವರ 2023ರ ಪ್ರಯೋಗದಲ್ಲಿ ದೊಡ್ಡ ಕಫ್ ಬೇಕಿದ್ದವರಿಗೆ ಸಾಮಾನ್ಯ ಕಫ್ ಕಟ್ಟಿದಾಗ ಮೇಲಿನ ಸಂಖ್ಯೆ ಸರಾಸರಿ 5 ಪಾಯಿಂಟ್ ಏರಿತು. ಅತಿ ದೊಡ್ಡದು ಬೇಕಿದ್ದವರಲ್ಲಿ ಏರಿಕೆ ಸುಮಾರು 20. ಚಿಕ್ಕದು ಬೇಕಿದ್ದ ಸಣ್ಣ ತೋಳಿನವರಲ್ಲಿ ಉಲ್ಟಾ, 3 ರಿಂದ 4 ಪಾಯಿಂಟ್ ಕಡಿಮೆ ಬಂತು. ನನ್ನ ಕಣ್ಣಿಗೆ ಇದು ಹೆಚ್ಚು ಅಪಾಯದ್ದು, ಏಕೆಂದರೆ ಕಡಿಮೆ ಬಂದ ಬಿಪಿಯನ್ನು ಯಾರೂ ಪ್ರಶ್ನಿಸುವುದಿಲ್ಲ.

ನಿಮ್ಮದು ಯಾವುದು ಎಂದು ತಿಳಿಯಲು ದರ್ಜಿಯ ಟೇಪು ಸಾಕು. ಭುಜದ ತುದಿಮೂಳೆಗೂ ಮೊಣಕೈಗೂ ಸರಿಯಾಗಿ ಮಧ್ಯದಲ್ಲಿ ತೋಳಿನ ಸುತ್ತಳತೆ ತೆಗೆಯಿರಿ, ಟೇಪು ಚರ್ಮವನ್ನು ಒತ್ತಬಾರದು. ಕಫ್ ಮೇಲೆ 22–32 ಸೆಂ.ಮೀ. ಅಥವಾ 22–42 ಸೆಂ.ಮೀ. ಎಂದು ಅಚ್ಚಾಗಿರುತ್ತದೆ, ನಿಮ್ಮ ಅಳತೆ ಅದರೊಳಗೆ ಬರಬೇಕು. ಬೇರೆ ಕಫ್ ಕೊಳ್ಳುವುದಾದರೆ ನಿಮ್ಮ ಮಾಡೆಲ್‌ಗೆಂದೇ ತಯಾರಾದದ್ದನ್ನು ಕೇಳಿ, ಟ್ಯೂಬ್ ಕೂತ ಮಾತ್ರಕ್ಕೆ ಲೆಕ್ಕ ಸರಿಹೋಗುವುದಿಲ್ಲ. ಬರಿ ತೋಳಿಗೆ, ಮೊಣಕೈ ಮಡಿಕೆಗಿಂತ ಸುಮಾರು ಎರಡು ಸೆಂಟಿಮೀಟರ್ ಮೇಲೆ, ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು ಸುತ್ತಿ.

ಈಗ ಆರಂಭದ ಸಂಖ್ಯೆಗಳನ್ನು ಬಿಡಿಸೋಣ. ತೋಳು 36 ಸೆಂ.ಮೀ., ನಿಜದ ಒತ್ತಡ 132 ಎಂದಿಟ್ಟುಕೊಳ್ಳಿ. 22–32ರ ಕಫ್‌ನಿಂದ 5, ತೊಡೆಯ ಮೇಲಿನ ಕೈಯಿಂದ 4 ಸೇರಿದರೆ 141. ಜತೆಗೆ ಮಾತೂ ನಡೆದಿದ್ದರೆ 150. ಮನೆಯಲ್ಲಿ ಅಳೆದಾಗ ಸರಾಸರಿ 135/85 ದಾಟಿದರೆ ಹೆಚ್ಚು ಎಂದು ಹಿಡಿಯುವುದರಿಂದ, ಮಿತಿಯೊಳಗಿದ್ದವರು ರೋಗಿಯಾಗಿಬಿಟ್ಟರು. ಹಾಗೆಂದು 150ರಲ್ಲಿ 18 ಕಳೆದು ಬರೆದುಕೊಳ್ಳಬೇಡಿ. ಇವೆಲ್ಲ ಹಲವರ ಸರಾಸರಿ, ನಿಮ್ಮ ತೋಳಿನ ಲೆಕ್ಕವಲ್ಲ, ಮೂರೂ ತಪ್ಪುಗಳು ಹೀಗೆ ನೀಟಾಗಿ ಕೂಡಿಕೊಳ್ಳುತ್ತವೆ ಎಂಬ ಖಾತ್ರಿಯೂ ಇಲ್ಲ. ಸರಿಯಾದ ಕಫ್ ಕಟ್ಟಿ ಮತ್ತೆ ಅಳೆಯುವುದೊಂದೇ ದಾರಿ. ಹಳೆಯ ರೀಡಿಂಗ್‌ಗಳ ಪುಸ್ತಕವನ್ನು ಡಾಕ್ಟರ ಬಳಿ ಒಯ್ಯುವಾಗ ಯಾವ ತಾರೀಖಿನಿಂದ ಕಫ್ ಬದಲಾಯಿತು ಎಂದು ಗೆರೆ ಎಳೆದು ಗುರುತು ಮಾಡಿ, ಇಲ್ಲವಾದರೆ ಇಳಿದ ಸಂಖ್ಯೆಯನ್ನು ಮಾತ್ರೆಯ ಕೆಲಸವೆಂದು ಅವರು ತಿಳಿಯಬಹುದು.